ಕ್ಯಾಶ್‌ಬ್ಯಾಕ್ 2,100 ಬಂತು, ಬಡ್ಡಿಗೆ 3,979 ಹೋಯ್ತು

ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟಲು ಕೈಯಲ್ಲಿ ದುಡ್ಡು ಸಾಲದಿದ್ದರೆ ಬಾಕಿ ಇಡುವುದೋ, ಬಳೆ ಅಡವಿಟ್ಟು ಪೂರ್ತಿ ಕಟ್ಟುವುದೋ? ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಬಳೆ ಅಡವಿಗೆ. ಕಾರ್ಡಿನ ಬಾಕಿಯನ್ನು ಮುಂದಿನ ತಿಂಗಳಿಗೆ ತಳ್ಳುವುದಕ್ಕಲ್ಲ. ಎರಡನ್ನೂ ಒಂದೇ ಕಾರ್ಡಿನಲ್ಲಿ, ಒಂದೇ ಮೊತ್ತದ ಮೇಲೆ ಮಾಡಿ ನೋಡಿದ್ದೇನೆ.

ಮೊದಲ ಸಲ ಫ್ರಿಜ್. ಜೂನ್ 15ಕ್ಕೆ ಆನ್‌ಲೈನಿನಲ್ಲಿ 40,000 ಕೊಟ್ಟು ತಗೊಂಡೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಗೇ ತಂದಿಳಿಸಿದರು. ಶೇಕಡಾ 5 ಕ್ಯಾಶ್‌ಬ್ಯಾಕ್, ಅಂದರೆ 2,000. ಬಿಲ್ ಆಗುವುದು ಪ್ರತಿ ತಿಂಗಳ 12ಕ್ಕೆ, ಕಟ್ಟಲು ಕೊನೆಯ ದಿನ ಮರುತಿಂಗಳ 1. ಅಷ್ಟರಲ್ಲಿ ಅಡಿಕೆ ಮಾರಿ ಕಟ್ಟುವ ಅಂದಾಜಿತ್ತು. ಆದರೆ ಬೆಲೆ ಇನ್ನೂ ಸ್ವಲ್ಪ ಏರಲಿ ಅಂತ ಗೋಣಿಗಳನ್ನು ಅಟ್ಟದಲ್ಲೇ ಬಿಟ್ಟೆ. ಆಗಸ್ಟ್ 1ಕ್ಕೆ 20,000 ಕಟ್ಟಿದೆ. ಕಡಿಮೆಯೆಂದರೂ ಕಟ್ಟಲೇಬೇಕಾದ ಮಿನಿಮಮ್ ಡ್ಯೂ ಬರೀ 2,000 ಇತ್ತು, ನಾನು ಅದರ ಹತ್ತು ಪಟ್ಟು ಕಟ್ಟಿದ್ದೇನೆ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಬಡ್ಡಿ ತಿಂಗಳಿಗೆ ಶೇಕಡಾ 3.5. ಉಳಿದದ್ದು 20,000, ಹಾಗಾದರೆ 700 ರೂಪಾಯಿ, ಕ್ಯಾಶ್‌ಬ್ಯಾಕಿನಲ್ಲಿ ಕಳೆದರೂ 1,300 ಲಾಭ. ಇದು ನನ್ನ ಲೆಕ್ಕ. ಆಗಸ್ಟ್ 12ರ ಬಿಲ್ಲಿನಲ್ಲಿ ಬಡ್ಡಿ, ಅದರ ಮೇಲಿನ ಜಿಎಸ್‌ಟಿ ಸೇರಿ 3,164 ಅಂತ ಇತ್ತು.

ತಪ್ಪಾಗಿ ಬಂದಿರಬೇಕು ಅಂತ ಫೋನ್ ಮಾಡಿದೆ. ಆ ಕಡೆಯವರಿಗೆ ಕನ್ನಡ ಬಾರದು, ನನ್ನ ಮಲಯಾಳ ಮೀನಿನ ಪೇಟೆಗೆ ಸಾಕು, ಬಡ್ಡಿ ಲೆಕ್ಕಕ್ಕೆ ಸಾಲದು. ಕೊನೆಗೆ ಭಾವ ಕ್ಯಾಲ್ಕುಲೇಟರ್ ಹಿಡಿದು ಕೂತರು.

"ನೀನು 20,000ಕ್ಕೆ ಬಡ್ಡಿ ಲೆಕ್ಕ ಹಾಕ್ತಿದ್ದಿ. ಅವರು 40,000ಕ್ಕೆ ಹಾಕಿದ್ದಾರೆ, ಅದೂ ನೀನು ಫ್ರಿಜ್ ತಗೊಂಡ ದಿನದಿಂದ" ಅಂದರು.

ಪೂರ್ತಿ ಕಟ್ಟಿದರೆ ಮಾತ್ರ ಆ ನಲವತ್ತು ಚಿಲ್ಲರೆ ದಿನ ಬಡ್ಡಿ ಇಲ್ಲ. ಸಾವಿರ ರೂಪಾಯಿ ಬಾಕಿ ಉಳಿಸಿದರೂ ಆ ಸವಲತ್ತು ಹೋಯ್ತು. ಜೂನ್ 15ರಿಂದ ಆಗಸ್ಟ್ 1ರವರೆಗೆ 47 ದಿನ, 40,000ಕ್ಕೆ 2,163. ಆಮೇಲೆ ಉಳಿದ 20,000ಕ್ಕೆ ಬಿಲ್ ದಿನದವರೆಗೆ 11 ದಿನ, 253. ಇಷ್ಟಾದರೂ ಸಹಿಸಬಹುದಿತ್ತು. ನನಗೆ ಉರಿದದ್ದು ಮುಂದಿನದು. ಜುಲೈ 20ಕ್ಕೆ ಅದೇ ಕಾರ್ಡಿನಲ್ಲಿ ಮಂಗಳೂರಲ್ಲಿ 10,000ದ ಸಾಮಾನು ತಗೊಂಡಿದ್ದೆ. ಹಳೆ ಬಾಕಿ ಇದ್ದದ್ದಕ್ಕೆ ಹೊಸ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ, 265. ಅದರ ಕ್ಯಾಶ್‌ಬ್ಯಾಕ್ ಎಷ್ಟು ಗೊತ್ತಾ? ಶೇಕಡಾ 1, ಅಂದರೆ ನೂರು ರೂಪಾಯಿ. ಎಲ್ಲದರ ಮೇಲೆ ಶೇಕಡಾ 18 ಜಿಎಸ್‌ಟಿ.

ಕ್ಯಾಶ್‌ಬ್ಯಾಕ್ ಆದರೂ ಬಾಕಿಯಲ್ಲಿ ಮುರಿದುಕೊಂಡಿತ್ತಾ ಅಂದರೆ ಅದೂ ಇಲ್ಲ. ಪಾಯಿಂಟಾಗಿ ಬೇರೆಯೇ ಕೂತಿತ್ತು.

ಸೆಪ್ಟೆಂಬರ್ 1ಕ್ಕೆ ಬಿಲ್ಲಿನಲ್ಲಿ ಇದ್ದಷ್ಟೂ ಕಟ್ಟಿ ಕೈತೊಳೆದುಕೊಂಡೆ ಅಂದುಕೊಂಡರೆ, 12ಕ್ಕೆ ಮತ್ತೆ 815ರ ಬಿಲ್. ಹಿಂದಿನ ಬಿಲ್ಲಿನ ದಿನದಿಂದ ನಾನು ಕಟ್ಟಿದ ದಿನದವರೆಗಿನ 20 ದಿನದ ಬಡ್ಡಿಯಂತೆ. ಅದು ಬಾಲದ ಹಾಗೆ ಒಂದು ಬಿಲ್ ಹಿಂದೆಯೇ ಬರುತ್ತದೆ. ಸಣ್ಣ ಮೊತ್ತ ಅಂತ ನೋಡದೆ ಬಿಟ್ಟರೆ ಮತ್ತೆ ಬಾಕಿದಾರ.

ಭಾವನ ಲೆಕ್ಕದಲ್ಲಿ ನನಗೆ ನೆನಪಿರುವುದು ಒಂದೇ. ಈ ದರದಲ್ಲಿ ಶೇಕಡಾ 5 ಕ್ಯಾಶ್‌ಬ್ಯಾಕನ್ನು ಬಡ್ಡಿ ಮತ್ತು ಜಿಎಸ್‌ಟಿ 37 ದಿನದಲ್ಲಿ ತಿಂದು ಮುಗಿಸುತ್ತದೆ. ಶೇಕಡಾ 1 ಆದರೆ ಒಂದು ವಾರ ಸಾಕು. ಬಿಲ್ಲಿನ ಹಿಂದಿನ ದಿನ ತಗೊಂಡು, ಕೊನೆಯ ದಿನಕ್ಕೆ ಅರ್ಧ ಕಟ್ಟಿ, ಉಳಿದ ಬಾಕಿಯನ್ನು ಅಲ್ಲಿಂದ ಎರಡು ವಾರದೊಳಗೆ ತೀರಿಸಿ, ನಡುವೆ ಕಾರ್ಡ್ ಮುಟ್ಟದಿದ್ದರೆ ಸ್ವಲ್ಪ ಉಳಿಯಬಹುದು. ಅಷ್ಟು ಶಿಸ್ತು ಇರುವವ ಬಾಕಿ ಯಾಕೆ ಇಡ್ತಾನೆ ಹೇಳಿ.

ಎರಡನೇ ಸಲ ಪಂಪ್. ಬೇಸಿಗೆಯಲ್ಲಿ ತೋಟದ ಮೋಟಾರ್ ಸುಟ್ಟಿತು, ಅಡಿಕೆಗೆ ನೀರು ಬಿಡದೆ ಆಗುವುದಿಲ್ಲ. ಮತ್ತೆ 40,000, ಅದೇ ಕಾರ್ಡ್, ಅದೇ 2,000 ಕ್ಯಾಶ್‌ಬ್ಯಾಕ್, ಕೈಯಲ್ಲಿ ಮತ್ತೆ ಅರ್ಧವೇ. ಈ ಸಲ ಕೊನೆಯ ದಿನಕ್ಕೆ ಮುಂಚೆ ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟು 20,000 ತಂದೆ. ವರ್ಷಕ್ಕೆ ಶೇಕಡಾ 10 ಬಡ್ಡಿ. ಕಾರ್ಡ್ ಪೂರ್ತಿ ಕಟ್ಟಿದೆ. 31 ದಿನಕ್ಕೆ ಬಿಡಿಸಿದಾಗ ಬಡ್ಡಿ 170, ಚಿನ್ನ ನೋಡುವವರಿಗೆ 100. ಕ್ಯಾಶ್‌ಬ್ಯಾಕಿನಲ್ಲಿ 1,730 ನನ್ನಲ್ಲೇ ಉಳಿಯಿತು.

ತೊಂದರೆ ಇಲ್ಲ ಅಂತಲ್ಲ. ಎರಡು ಸಲ ಸೊಸೈಟಿಗೆ ಹೋಗಿ ಕಾಯಬೇಕು, ಅಲ್ಲಿ ಊರಿನವರೇ ಸಿಕ್ಕಿ "ಏನು ವಿಶೇಷ?" ಅಂತ ಕೇಳ್ತಾರೆ. ಅಡವಿಡಲು ಚಿನ್ನ ಇಲ್ಲದವರಿಗೆ ಈ ದಾರಿಯೇ ಇಲ್ಲ. ಅವರು ಬಿಲ್ ಬರುವ ಮೊದಲೇ ಇಎಂಐ ದರ ಕೇಳಿ ನೋಡುವುದು ವಾಸಿ.

ಕಾರ್ಡ್ ಈಗಲೂ ಇದೆ. ಆಟೋ ಡೆಬಿಟ್ಟನ್ನು ಮಿನಿಮಮ್ ಡ್ಯೂನಿಂದ ಟೋಟಲ್ ಡ್ಯೂಗೆ ಬದಲಿಸಿದ್ದೇನೆ. ಅಡಿಕೆಗೆ ಆ ಎರಡು ತಿಂಗಳಲ್ಲಿ ಬೆಲೆ ಏರಲೇ ಇಲ್ಲ.