ಒಂದು ಪ್ರಬಂಧ, ನಾಲ್ಕು ಬಗೆಯ ಒಂದು ಪುಟ

ಸಂಶೋಧನಾ ಪ್ರಬಂಧವನ್ನು ಅಧಿಕಾರಿಗಳಿಗೂ ಶಾಸಕರಿಗೂ ಒಂದೇ ಪುಟದಲ್ಲಿ ಹೇಳುವ ಬಗೆಗಳು ಹಲವಿವೆ. ನಾಲ್ಕನ್ನು ಒಂದೇ ಪ್ರಬಂಧದ ಮೇಲೆ ಪ್ರಯೋಗಿಸಿ, ಆಡಳಿತದ ಒಳಹೊರಗನ್ನು ಬಲ್ಲ ಕೆಲವು ಪರಿಚಿತರಿಗೆ ಓದಲು ಕೊಟ್ಟೆ. ಪುಟವನ್ನು ಹಿಂದಕ್ಕೆ ಪಡೆದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಇದು ಏನು ಹೇಳುತ್ತದೆ?

ಪ್ರಬಂಧ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರದು, 2017ರಲ್ಲಿ ಪ್ರಕಟವಾದದ್ದು. ಬಿಹಾರ ಸರ್ಕಾರ 2006ರಿಂದ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡತೊಡಗಿತು. ಅದರಿಂದ ಹುಡುಗಿಯರು ನಿಜವಾಗಿ ಶಾಲೆಗೆ ಬಂದರೇ ಎಂಬುದು ಪ್ರಬಂಧದ ಪ್ರಶ್ನೆ. ಕರ್ನಾಟಕದಲ್ಲಿಯೂ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ್ದರಿಂದ ವಿಷಯ ನಮ್ಮವರಿಗೆ ಹೊಸದಲ್ಲ. ಹೊಸದು ಉತ್ತರವನ್ನು ಕಂಡುಕೊಂಡ ದಾರಿ, ಅದು ತುಸು ಬಿಗಿಯಾದದ್ದು.

ಮೊದಲ ಬಗೆ, ಪ್ರಬಂಧದ ಸಾರಾಂಶವನ್ನೇ ಸರಳ ಭಾಷೆಗೆ ಇಳಿಸುವುದು. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ಅದೇ ಕ್ರಮ. ಬರೆಯಲು ಇದಕ್ಕಿಂತ ಸುಲಭವಾದದ್ದಿಲ್ಲ, ತಪ್ಪಾಗುವ ಭಯವೂ ಕಡಿಮೆ. ಆದರೆ ಮೇಲಿನ ಮೂರನೇ ಒಂದು ಭಾಗವನ್ನು ಬಾಲಕಿಯರ ಶಿಕ್ಷಣ ಏಕೆ ಮುಖ್ಯ ಎಂಬ ಮಾತೇ ತಿಂದುಹಾಕುತ್ತದೆ. ಶಿಕ್ಷಣ ಇಲಾಖೆಯಲ್ಲಿ ಕೂದಲು ಬೆಳ್ಳಗಾದವರಿಗೆ ಅದನ್ನು ಹೇಳುವ ಅಗತ್ಯವಿದೆಯೇ? ಈ ಪುಟ ಓದಿದವರಿಗೆ ನೆನಪಿನಲ್ಲಿ ಉಳಿದದ್ದು ಒಂದೇ: 'ಸೈಕಲ್ ಒಳ್ಳೆಯದು.' ಅದು ಅವರಿಗೆ ಓದುವ ಮೊದಲೂ ಗೊತ್ತಿತ್ತು.

ಎರಡನೆಯದು ಚಿತ್ರಪುಟ: ಸೈಕಲ್ ತುಳಿಯುವ ಹುಡುಗಿ, ದೊಡ್ಡ ಅಕ್ಷರದಲ್ಲಿ 32%, ಕೆಳಗೆ ಬಣ್ಣದ ಪಟ್ಟಿಗಳು. ಗೋಡೆಗೆ ಅಂಟಿಸಲು ಚೆಂದ. ಕಚೇರಿಯಲ್ಲಿ ಅದು ಕಪ್ಪುಬಿಳುಪಿನ ಜೆರಾಕ್ಸ್ ಆಗುತ್ತದೆ, ಆಗ ಹಸಿರು ಪಟ್ಟಿಗೂ ಕೆಂಪು ಪಟ್ಟಿಗೂ ಭೇದ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಆ 32%. ನೂರರಲ್ಲಿ ಮೂವತ್ತೆರಡು ಹುಡುಗಿಯರು ಹೊಸದಾಗಿ ಶಾಲೆ ಸೇರಿದರೆಂದೇ ಹೆಚ್ಚಿನವರು ಓದಿಕೊಂಡರು. ನಿಜವಾದ ಲೆಕ್ಕ ಬೇರೆ. ವಯಸ್ಸಿಗೆ ತಕ್ಕಂತೆ ಪ್ರೌಢಶಾಲೆ ತಲುಪುತ್ತಿದ್ದವರು ನೂರಕ್ಕೆ 16.3 ಇದ್ದರು, ಯೋಜನೆಯಿಂದ ಸೇರಿದ ಹೆಚ್ಚಳ 5.2. ಹದಿನಾರರ ಮೇಲೆ ಐದು ಎಂದರೆ ಸುಮಾರು ಮೂರನೇ ಒಂದು ಪಾಲು, ಹೀಗೆ 32 ಬಂತು. ಸಂಖ್ಯೆ ಸರಿಯಾದದ್ದೇ, ಅದನ್ನು ಒಂಟಿಯಾಗಿ ನಿಲ್ಲಿಸಿದ್ದು ಸರಿಯಲ್ಲ. ಈ ಬಗೆಯನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಮೂರನೆಯದರ ಮೇಲೆ ನನಗೆ ಹೆಚ್ಚು ನಂಬಿಕೆಯಿತ್ತು. ಸರ್ಕಾರಿ ಕಡತದ ಟಿಪ್ಪಣಿಯ ಮಾದರಿ ಅದು: ವಿಷಯ, ಹಿನ್ನೆಲೆ, ಪ್ರಸ್ತಾವನೆ, ಆರ್ಥಿಕ ಹೊರೆ, ಕೊನೆಗೆ 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ'. ಓದುವವರ ಕಣ್ಣು ಈ ಹಾದಿಯಲ್ಲಿ ಪಳಗಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಜಾರಬೇಕು ಎಂಬುದು ಅವರಿಗೆ ಗೊತ್ತು. ಓದಿದವರಲ್ಲಿ ನಿವೃತ್ತ ಶಿಕ್ಷಣಾಧಿಕಾರಿಯೊಬ್ಬರು ನೇರವಾಗಿ ಹಣದ ಸಾಲಿಗೆ ಇಳಿದು, ಅಲ್ಲಿಂದ ಮೇಲಕ್ಕೆ ಓದಿದರು. ಆ ಸಾಲು ಉಳಿದ ಮಾದರಿಗಳಲ್ಲಿ ಇರಲೇ ಇಲ್ಲ ಎಂಬುದು ಆಗಲೇ ಹೊಳೆದದ್ದು. ದಕ್ಷಿಣ ಏಷ್ಯಾದ ಇದೇ ಬಗೆಯ ಷರತ್ತಿನ ನಗದು ಯೋಜನೆಗಳಿಗೆ ಹೋಲಿಸಿದರೆ, ಹುಡುಗಿಯರನ್ನು ಶಾಲೆಗೆ ಕರೆತರಲು ಸೈಕಲ್‌ಗೆ ಹಾಕಿದ ಹಣ ಹೆಚ್ಚು ಕೆಲಸ ಮಾಡಿತು ಎಂದು ಪ್ರಬಂಧ ಹೇಳುತ್ತದೆ. ಅಷ್ಟು ದೊಡ್ಡ ಮಾತನ್ನು ಹಿಂದಿನ ಎರಡೂ ಪುಟಗಳು ನುಂಗಿಬಿಟ್ಟಿದ್ದವು.

ಆದರೆ ಟಿಪ್ಪಣಿ ಎಂದರೆ ಪ್ರಸ್ತಾವನೆ ಬೇಕೇ ಬೇಕು, ತೊಡಕು ಇರುವುದು ಅಲ್ಲಿ. ಪ್ರಬಂಧ ಕರ್ನಾಟಕಕ್ಕೆ ಏನನ್ನೂ ಪ್ರಸ್ತಾಪಿಸಿಲ್ಲ. ಬಿಹಾರದ್ದು ಒಂಬತ್ತನೇ ತರಗತಿಯ ಹುಡುಗಿಯರ ಕಥೆ. ನಮ್ಮದು ಎಂಟನೇ ತರಗತಿ, ಹುಡುಗರಿಗೂ ಸಂದ ಸೈಕಲ್. ಖಾಲಿ ಬಿದ್ದ ಆ ಕಲಮನ್ನು ತುಂಬಲು ಬರೆಯುವವರು ತಮ್ಮ ಅಭಿಪ್ರಾಯವನ್ನು ಸಂಶೋಧನೆಯ ಮಾತಾಗಿ ತೂರಿಸಬೇಕಾಗುತ್ತದೆ. ಸಲಹೆ ಕೇಳಿದ್ದರೆ ಅದು ಪ್ರತ್ಯೇಕ ಕಾಗದದಲ್ಲಿ ಇರಲಿ.

ನಾಲ್ಕನೆಯದು ಕೆನಡಾದ ಆರೋಗ್ಯ ಸಂಶೋಧನಾ ವಲಯದಲ್ಲಿ ರೂಢಿಗೆ ಬಂದ 1:3:25 ಪದ್ಧತಿಯ ಮೊದಲ ಪುಟ. ಇಪ್ಪತ್ತೈದು ಪುಟಗಳ ವರದಿ, ಮೂರು ಪುಟಗಳ ಸಂಕ್ಷೇಪ, ಅವುಗಳ ಮೇಲೆ ಮುಖ್ಯ ಮಾತುಗಳಷ್ಟೇ ಇರುವ ಒಂದು ಪುಟ. ಮುಖ್ಯ ಮಾತು ಎಂದರೆ ಫಲಿತಾಂಶಗಳ ಪಟ್ಟಿಯಲ್ಲ, ಫಲಿತಾಂಶದಿಂದ ತೀರ್ಮಾನ ಮಾಡುವವರಿಗೆ ತಿಳಿಯುವುದೇನು ಎಂಬುದು. ನನ್ನ ಪುಟ ಹೀಗೆ ಶುರುವಾಗುತ್ತದೆ:

'ಶಾಲೆ ದೂರವಿದ್ದ ಹಳ್ಳಿಗಳಲ್ಲಿ ಸೈಕಲ್ ಹುಡುಗಿಯರನ್ನು ಪ್ರೌಢಶಾಲೆಗೆ ತಂದಿತು. ಶಾಲೆ ಹತ್ತಿರವಿದ್ದ ಕಡೆ ಹೆಚ್ಚೇನೂ ಬದಲಾಗಲಿಲ್ಲ. ಒಟ್ಟಾರೆ, ನೂರು ಹುಡುಗಿಯರಲ್ಲಿ ಸುಮಾರು ಹದಿನಾರು ಮಂದಿ ತಲುಪುತ್ತಿದ್ದ ಕಡೆ ಐದು ಮಂದಿ ಹೆಚ್ಚಾದರು.'

ಅಂತರವನ್ನು ಮೊದಲ ವಾಕ್ಯದಲ್ಲೇ ಇಟ್ಟದ್ದಕ್ಕೆ ಕಾರಣವಿದೆ. ಪ್ರಬಂಧದಲ್ಲಿ ಅದು ಯೋಜನೆ ಕೆಲಸ ಮಾಡಿದ ಬಗೆಯನ್ನು ತೋರುವ ಸಾಕ್ಷ್ಯ, ಮುಖ್ಯ ಫಲಿತಾಂಶದ ನಂತರ ಬರುತ್ತದೆ. ಆಡಳಿತಗಾರರಿಗೋ ಅದೇ ಬೀಜದ ಮಾತು, ಏಕೆಂದರೆ ಹಣ ಕಡಿಮೆಯಾದಾಗ ಯಾರಿಗೆ ಮೊದಲು ಎಂಬ ಪ್ರಶ್ನೆಗೆ ಅಲ್ಲಿ ಆಧಾರವಿದೆ.

ವಿಧಾನಕ್ಕೆ ಕೊಟ್ಟದ್ದು ಒಂದು ವಾಕ್ಯ, ಆದರೆ ಹೆಚ್ಚು ಹೊತ್ತು ತಿಂದದ್ದೂ ಅದೇ. 'ತ್ರಿವಳಿ ವ್ಯತ್ಯಾಸ' ಎಂದು ಬರೆದರೆ ಯಾರಿಗೂ ತಲುಪುವುದಿಲ್ಲ. ಇಡೀ ವಿಧಾನವನ್ನೇ ಬಿಟ್ಟರೆ, ಆ ವರ್ಷಗಳಲ್ಲಿ ರಸ್ತೆ ಸುಧಾರಿಸಿತ್ತಲ್ಲವೇ, ಅದರಿಂದಲೇ ಬಂದಿರಬಹುದು ಎಂದು ಯಾರಾದರೂ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಆ ಆಕ್ಷೇಪಕ್ಕೆ ಉತ್ತರ ಕೊಡುವಷ್ಟು ಮಾತ್ರ ಉಳಿಸಿದೆ: 'ಯೋಜನೆ ಸಿಕ್ಕ 14-15 ವರ್ಷದ ಹುಡುಗಿಯರನ್ನು ಅದು ಸಿಗದ 16-17ರವರೊಂದಿಗೆ, ಆ ವ್ಯತ್ಯಾಸವನ್ನು ಅದೇ ವಯಸ್ಸಿನ ಹುಡುಗರದರೊಂದಿಗೆ, ಮತ್ತೆ ಇವೆಲ್ಲವನ್ನೂ 2000ದವರೆಗೆ ಬಿಹಾರದ ಭಾಗವೇ ಆಗಿದ್ದ ಜಾರ್ಖಂಡ್‌ನೊಂದಿಗೆ ಹೋಲಿಸಲಾಗಿದೆ.' ರಸ್ತೆಯಿಂದ ಬಂದ ಲಾಭ ಹುಡುಗರಿಗೂ ಸಿಗಬೇಕಿತ್ತು ಎಂಬುದನ್ನು ಓದುವವರು ತಾವೇ ಊಹಿಸಿಕೊಳ್ಳುತ್ತಾರೆ.

ಮಿತಿಗಳನ್ನು ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಗುಡ್ಡೆಹಾಕುವ ರೂಢಿ ನನಗೆ ಸರಿಬರುವುದಿಲ್ಲ. ಯಾವ ಮಾತಿಗೆ ಯಾವ ಮಿತಿಯೋ ಅದರ ಬೆನ್ನಿಗೇ ಬರಬೇಕು. ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತ ಹುಡುಗಿಯರ ಸಂಖ್ಯೆ ಶೇಕಡಾ 18ರಷ್ಟು ಏರಿತು, ಪಾಸಾದವರ ಸಂಖ್ಯೆ ಶೇಕಡಾ 12ರಷ್ಟು. ಮೊದಲರ್ಧವನ್ನಷ್ಟೇ ಬರೆದರೆ ಹೊಗಳಿಕೆ. ಎರಡೂ ಸೇರಿದರೆ, ಸೈಕಲ್ ಶಾಲೆಯ ಬಾಗಿಲವರೆಗೆ ತರುತ್ತದೆ, ಒಳಗಿನ ಪಾಠ ಬೇರೆ ಕೆಲಸ ಎಂಬುದು ತಾನಾಗಿ ತಿಳಿಯುತ್ತದೆ. ದಾಖಲಾತಿಯ ಲೆಕ್ಕ 2007-08ರ ಮನೆಮನೆ ಸಮೀಕ್ಷೆಯದು, ಅಂದರೆ ಯೋಜನೆಯ ಆರಂಭದ ದಿನಗಳದ್ದು ಎಂಬುದನ್ನೂ ಐದು ಮಂದಿಯ ವಾಕ್ಯದ ಪಕ್ಕದಲ್ಲೇ ಇಟ್ಟೆ.

ಈ ನಾಲ್ಕನೆಯ ಪುಟ ಓದಿದವರು ಮರಳಿ ಹೇಳಿದ್ದು 'ದೂರದ ಹಳ್ಳಿಗೆ' ಎಂಬುದನ್ನು. ಹಾಗಾಗಿ ನನ್ನ ಆಯ್ಕೆ ಇದೇ, ಟಿಪ್ಪಣಿಯಿಂದ ಹಣದ ಸಾಲನ್ನು ಎರವಲು ಪಡೆದು. ಅದಕ್ಕೆ ಜಾಗ ಮಾಡಲು ಸಾಮಾಜಿಕ ಕಟ್ಟುಪಾಡು ಸಡಿಲಗೊಂಡ ಬಗ್ಗೆ ಪ್ರಬಂಧ ಸೂಚಿಸುವ ವಿವರಣೆಯನ್ನು ತೆಗೆದೆ. ಓದಲು ಅದು ಸೊಗಸಾದ ಭಾಗ, ಆದರೆ ಅಂತರದಷ್ಟು ನೇರವಾದ ಸಾಕ್ಷ್ಯ ಅದಕ್ಕಿಲ್ಲ. ಸಾರಾಂಶದ ಬಗೆಯನ್ನು ಪೂರ್ತಿ ಬಿಟ್ಟಿಲ್ಲ: ವಿಷಯಕ್ಕೆ ಹೊಸಬರಾದವರು, ಈಗಷ್ಟೇ ಸಮಿತಿಗೆ ಸೇರಿದ ಸದಸ್ಯರು ಕೇಳಿದರೆ ಅದನ್ನೇ ಕೊಡುತ್ತೇನೆ. ಹಿನ್ನೆಲೆ ಬೇಕಾಗುವುದು ಅವರಿಗೇ.