ಅಮ್ಮನ ಜೀವನ ಪ್ರಮಾಣಪತ್ರ: ಸೇವಾ ಕೇಂದ್ರಕ್ಕಿಂತ ನಮ್ಮ ಮನೆ ಜಗಲಿಯೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನಕ್ಕೆ. ಅಮ್ಮನಿಗೆ 76 ವರ್ಷ. ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು, ಅವರು ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದು ನಿಲ್ಲದಿರಲು ಪ್ರತಿ ನವೆಂಬರ್‌ನಲ್ಲಿ, ಬದುಕಿದ್ದೇನೆ ಅಂತ ತೋರಿಸುವ ಜೀವನ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು.

ಬ್ಯಾಂಕಿಗೆ ಹೋಗಿ ಕಾಗದದ ಫಾರ್ಮ್ ಕೊಡುವುದು ಹಳೇ ದಾರಿ. ಅದರಲ್ಲಿ ತಪ್ಪಾಗುವುದು ಕಡಿಮೆ. ಆದರೆ ನವೆಂಬರ್ ಸಾಲಿನಲ್ಲಿ ಅಮ್ಮನ ಮಂಡಿ ಅರ್ಧ ಗಂಟೆ ತಡೆಯುವುದಿಲ್ಲ.

ಹೋದ ವರ್ಷ ಹತ್ತಿರದ ಒಂದು ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಬೆರಳಿಟ್ಟರೆ ಆಯಿತು ಅಂದರು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಅಮ್ಮನ ಬೆರಳ ಗೆರೆಗಳು ಸವೆದುಹೋಗಿವೆ. ಹೆಬ್ಬೆರಳು ಹಿಡಿಯಲಿಲ್ಲ, ತೋರುಬೆರಳೂ ಇಲ್ಲ. ಕೊನೆಗೆ ಎಡಗೈ ನಡುಬೆರಳು ಒಪ್ಪಿತು. ಪ್ರಮಾಣಪತ್ರದ ಸಂಖ್ಯೆ, ಅಂದರೆ ಪ್ರಮಾಣ ಐಡಿ ಬಂತು, ಚೀಟಿ ಹಿಡಿದು ಮನೆಗೆ ಬಂದೆವು.

ಡಿಸೆಂಬರ್ ಕೊನೆಗೆ ಪಿಂಚಣಿ ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದಾಗ ಗೊತ್ತಾಯಿತು, ಪ್ರಮಾಣಪತ್ರ ತಿರಸ್ಕೃತವಾಗಿತ್ತು. ಪಿಂಚಣಿಯ ಬಗೆಯಲ್ಲಿ Family ಆರಿಸುವ ಬದಲು Service ಆರಿಸಿದ್ದರು. ಪಿಂಚಣಿ ಪಾವತಿ ಆದೇಶದ, ಅಂದರೆ ಪಿಪಿಒ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾಗಿದ್ದವು. ಆಧಾರ್ ನೋಡುವುದು ಆಳು ಅಮ್ಮನೇ ಹೌದಾ ಅಂತ ಮಾತ್ರ. ಪಿಪಿಒ, ಖಾತೆ ಸಂಖ್ಯೆಗಳನ್ನು ಹೊಂದಿಸಿ ನೋಡುವುದು ಪಿಂಚಣಿ ಕೊಡುವವರು. ಅದಕ್ಕೇ ಐಡಿ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ತಿರಸ್ಕಾರದ ಎಸ್ಸೆಮ್ಮೆಸ್ ನಮಗೆ ಯಾಕೆ ಬರಲಿಲ್ಲ? ಒಟಿಪಿ ಬೇಗ ಸಿಗಲಿ ಅಂತ ಸೇವಾ ಕೇಂದ್ರದವರು ತಮ್ಮದೇ ಮೊಬೈಲ್ ನಂಬರ್ ಹಾಕಿದ್ದರು. ಆ ಮೆಸೇಜ್ ಅವರ ಫೋನಿನಲ್ಲಿತ್ತು. ಮತ್ತೆ ಸಲ್ಲಿಸಿದ ಮೇಲೆ ಬಾಕಿ ಹಣ ಬಂತು ನಿಜ. ಆದರೆ ಆ ತಿಂಗಳು ಅಮ್ಮ ಔಷಧಿ ಅಂಗಡಿಗೆ ಹೋಗಲೂ ಹಿಂದೆಮುಂದೆ ನೋಡಿದರು, ನನಗೆ ಹೇಳಲೂ ಇಲ್ಲ.

ಈ ವರ್ಷ ದೀಪಾವಳಿ ಮುಗಿದ ಮೇಲೆ ಇನ್ನೊಂದು ಸಲ ಊರಿಗೆ ಹೋಗಿ ಜಗಲಿಯಲ್ಲೇ ಕೂತು ಮಾಡಿದೆವು. ನನ್ನ ಆಂಡ್ರಾಯ್ಡ್ ಫೋನಿಗೆ ಎರಡು ಆ್ಯಪ್ ಹಾಕಿದೆ: AadhaarFaceRD ಮತ್ತು Jeevan Pramaan. ಮೊದಲನೆಯದು ಹಿಂದೆ ನಿಂತು ಕೆಲಸ ಮಾಡುವಂಥದ್ದು, ಅದನ್ನು ನಾವು ತೆರೆಯಬೇಕಿಲ್ಲ. ಎರಡನೆಯದು ಮೊದಲು ಆಪರೇಟರ್ ಆಧಾರ್, ಮುಖ ಎರಡೂ ಕೇಳುತ್ತದೆ. ಅಂದರೆ ಫೋನ್ ಹಿಡಿದ ನನ್ನದು. "ಪಿಂಚಣಿ ನನ್ನದು, ನಿನ್ನ ಮುಖ ಯಾಕೆ ಕೇಳ್ತದೆ?" ಅಂತ ಅಮ್ಮನಿಗೆ ಅನುಮಾನ. "ಸಹಾಯ ಮಾಡೋರು ಯಾರು ಅಂತ ಗೊತ್ತಿರ್ಬೇಕಲ್ಲಮ್ಮ" ಅಂದೆ, ಒಪ್ಪಿದರು.

ಆಮೇಲೆ ಅಮ್ಮನ ಆಧಾರ್, ಅಮ್ಮನದೇ ಮೊಬೈಲ್ ನಂಬರ್. ಒಟಿಪಿಯನ್ನು ಅವರೇ ಓದಿ ಹೇಳಿದರು. ಪಿಪಿಒ ಪುಸ್ತಕ ಅವರ ಮಡಿಲಲ್ಲಿ, ಫೋನ್ ನನ್ನ ಕೈಯಲ್ಲಿ. ಅವರು ಮೂರು ಮೂರು ಅಂಕಿ ಹೇಳಬೇಕು, ನಾನು ಟೈಪ್ ಮಾಡಿ ಅದನ್ನೇ ತಿರುಗಿ ಹೇಳಬೇಕು. ಖಾತೆ ಸಂಖ್ಯೆಗೂ ಹಾಗೇ. ಹತ್ತು ನಿಮಿಷ ಜಾಸ್ತಿ ಹಿಡಿಯಿತು, ಒಂದಂಕಿಯೂ ತಪ್ಪಲಿಲ್ಲ. Family ಅನ್ನುವುದನ್ನು ಒತ್ತುವ ಮುಂಚೆ ಅವರಿಗೆ ತೋರಿಸಿದೆ.

ಮರುಮದುವೆ ಆಗಿದೆಯೇ ಅನ್ನುವ ಪ್ರಶ್ನೆಯೂ ಬರುತ್ತದೆ. ಸುಮ್ನೆ 'ಇಲ್ಲ' ಒತ್ತಿ ಮುಂದೆ ಹೋಗಬಹುದಿತ್ತು. ಆದರೆ ಹೇಳಿಕೆ ಅವರದು, ಓದಿ ಹೇಳಿದೆ. ಅಮ್ಮ ಒಂದು ಗಳಿಗೆ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು. "ಇಲ್ಲ ಅಂತ ಹಾಕು" ಅಂದರು. ಅವರು ಅನ್ನುವವರೆಗೆ ಕಾದಿದ್ದು ಒಳ್ಳೆಯದಾಯಿತು ಅನಿಸಿತು.

ಮುಖ ಹಿಡಿಯುವುದು ಎರಡು ಸಲ ಕೈಕೊಟ್ಟಿತು. ಕಿಟಕಿ ಅವರ ಬೆನ್ನಿಗಿತ್ತು, ಮುಖ ಕಪ್ಪಾಗಿ ಕಾಣುತ್ತಿತ್ತು. ಕುರ್ಚಿಯನ್ನು ಬೆಳಕಿಗೆ ಎದುರಾಗಿ ತಿರುಗಿಸಿದೆ, ಮಿನುಗುತ್ತಿದ್ದ ಕನ್ನಡಕ ತೆಗೆಸಿದೆ. ಕಣ್ಣು ಮಿಟುಕಿಸಿ ಅಂದರೆ ಅಮ್ಮ ಗಟ್ಟಿಯಾಗಿ ಮುಚ್ಚಿಕೊಂಡೇ ಕೂರುತ್ತಿದ್ದರು. ಫೋನ್ ಪಕ್ಕಕ್ಕಿಟ್ಟು ನಾನೇ ಎದುರು ಕೂತು ಮಿಟುಕಿಸಿ ತೋರಿಸಿದೆ. ಮೂರನೇ ಸಲ ಆಯಿತು.

ಖರ್ಚು ಸೊನ್ನೆ. ಮಕ್ಕಳು ಊರಿಗೆ ಬರಲಾಗದ ಮನೆಗೆ ಅಂಚೆಯಣ್ಣನನ್ನು ಕರೆಸುವುದು ವಾಸಿ, 70 ರೂಪಾಯಿಗೆ ಮನೆಬಾಗಿಲಲ್ಲೇ ಮಾಡಿಕೊಡುತ್ತಾರೆ. ಆಗಲೂ ನಂಬರ್ ನಿಮ್ಮವರದೇ ಇರಲಿ. ನಾನು ವರ್ಷಕ್ಕೆ ಮೂರು ಸಲ ಊರಿಗೆ ಹೋಗುವವಳು, ನನಗೆ ಜಗಲಿಯೇ ಸಾಕು.

ನಾಲ್ಕು ದಿನ ಬಿಟ್ಟು ಅಮ್ಮ ಫೋನ್ ಮಾಡಿದರು. ಮೆಸೇಜ್ ಬಂದಿತ್ತು, ಸ್ವೀಕೃತವಾಗಿದೆ ಅಂತ. ಪೂರ್ತಿ ಓದಿ ಹೇಳಿದರು, ಐಡಿಯ ಅಂಕಿಗಳನ್ನೂ ಬಿಡದೆ, ಮೂರು ಮೂರಾಗಿ.