ಕಲ್ಲಿನ ರಥದ ಮುಂದಿನ ಜನರನ್ನು ಅಳಿಸಲು ಮೂರು ದಾರಿ: ನಾನು ಮಾಡಿ ನೋಡಿದ್ದು

ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಗೊತ್ತಲ್ಲ, ಐವತ್ತು ರೂಪಾಯಿ ನೋಟಿನ ಹಿಂದೆ ಇರುವುದು. ನೋಟಿನಲ್ಲಿ ಅದರ ಮುಂದೆ ಯಾರೂ ಇಲ್ಲ. ನಾವು ಹೋದ ದಿನ ಮಾತ್ರ ಜಾತ್ರೆ ಇದ್ದ ಹಾಗಿತ್ತು. ಎಡಗಡೆ ಆನೆಯ ಪಕ್ಕದಲ್ಲೇ ಹಳದಿ ಅಂಗಿಯವರೊಬ್ಬರು ಫೋನಲ್ಲಿ ಮಾತಾಡುತ್ತಾ ನಿಂತಿದ್ದರು, ಕದಲಲೇ ಇಲ್ಲ. ಮನೆಗೆ ಬಂದು ಅವರನ್ನೂ ಉಳಿದವರನ್ನೂ ತೆಗೆಯಲು ಮೂರು ರೀತಿ ಪ್ರಯತ್ನಿಸಿದೆ.

ಮೊದಲು ಫೋನಿನಲ್ಲೇ ಇರುವ ಇರೇಸರ್. ಬೆರಳಿನಿಂದ ಸುತ್ತು ಹಾಕಿದರೆ ಸಾಕು, ಎರಡು ಮೂರು ಸೆಕೆಂಡಿನಲ್ಲಿ ಮನುಷ್ಯ ಮಾಯ. ಆಕಾಶದ ಎದುರು, ಬರೀ ನೆಲದ ಮೇಲೆ ನಿಂತವರಾದರೆ ಗುರುತೇ ಸಿಗದಷ್ಟು ಚೆನ್ನಾಗಿ ತೆಗೆಯುತ್ತದೆ. ಆದರೆ ಹಳದಿ ಅಂಗಿಯವರ ಹಿಂದೆ ಇದ್ದದ್ದು ಕೆತ್ತನೆ. ಈ ರಥಕ್ಕೆ ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ಇಟ್ಟದ್ದು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಇನ್ನೂ ಕಾಣುತ್ತವೆ. ಇರೇಸರ್ ಅಲ್ಲಿ ಏನು ಮಾಡಿತು ಗೊತ್ತಾ? ಹಿಂಗಾಲು ಇರಬೇಕಾದ ಜಾಗಕ್ಕೆ ನುಣ್ಣನೆಯ ಕಲ್ಲು ತುಂಬಿಸಿತು, ಅದರ ಮೇಲೆ ಹೂವಿನಂಥದ್ದೊಂದು ಬಳ್ಳಿಯನ್ನೂ ಬಿಡಿಸಿತು. ಅಂಥ ಬಳ್ಳಿ ಅಲ್ಲಿಲ್ಲ. ಅದಕ್ಕೆ ಹಿಂದೆ ಏನಿದೆ ಅಂತ ಗೊತ್ತಿರುವುದಿಲ್ಲ, ಸುತ್ತಲಿನದನ್ನು ನೋಡಿ ಊಹೆ ಮಾಡುತ್ತದೆ ಅಷ್ಟೆ. ಸಾಲದ್ದಕ್ಕೆ ಮನುಷ್ಯ ಹೋದರೂ ನೆರಳು ನೆಲದ ಮೇಲೆ ಹಾಗೇ ಉಳಿದಿತ್ತು. ಬೇರೆಯವರ ಫೋಟೋದಲ್ಲೂ ನಾನೀಗ ಮೊದಲು ಹುಡುಕುವುದು ಇದನ್ನೇ: ಯಜಮಾನನಿಲ್ಲದ ನೆರಳು.

ಎರಡನೆಯದು ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಗಿಂಪ್ ತಂತ್ರಾಂಶದ ಕ್ಲೋನ್. Ctrl ಒತ್ತಿ ಒಂದು ಕಡೆ ಕ್ಲಿಕ್ ಮಾಡಿದರೆ, ಅಲ್ಲಿನ ಕಲ್ಲನ್ನು ಎತ್ತಿ ಇಲ್ಲಿ ಬಳಿಯಬಹುದು. ಒಬ್ಬರನ್ನು ತೆಗೆಯಲು ಮುಕ್ಕಾಲು ಗಂಟೆ ಹೋಯಿತು. ಅವಸರ ಮಾಡಿದ ಕಡೆ ಒಂದೇ ಬಿರುಕು ಮೂರು ಸಲ ಬಂತು, ತಪ್ಪು ನನ್ನದೇ. ಇದೂ ಸುಳ್ಳೇ, ಆದರೆ ಎಲ್ಲಿ ಸುಳ್ಳು ಹೇಳಿದ್ದೇನೆ ಅಂತ ನನಗೆ ಗೊತ್ತಿರುವ ಸುಳ್ಳು.

ಮೂರನೆಯದು ನನಗೆ ಜಾಸ್ತಿ ಹಿಡಿಸಿದ್ದು, ಆದರೆ ಇದಕ್ಕೆ ಸ್ಥಳದಲ್ಲೇ ತಯಾರಿ ಬೇಕು. ಅನುಮತಿ ಇಲ್ಲದೆ ಟ್ರೈಪಾಡ್ ಇಡಲು ಬಿಡುವುದಿಲ್ಲ, ಹಾಗಾಗಿ ಬ್ಯಾಗಿನ ಮೇಲೆ ಫೋನ್ ಇಟ್ಟು, ಅಲುಗಾಡಿಸದೆ ಇಪ್ಪತ್ತು ಸೆಕೆಂಡಿಗೊಂದರಂತೆ 15 ಫೋಟೋ ತೆಗೆದಿದ್ದೆ. ಆಮೇಲೆ ಕಂಪ್ಯೂಟರಿನಲ್ಲಿ ಹ್ಯೂಗಿನ್ ಮತ್ತು ಇಮೇಜ್‌ಮ್ಯಾಜಿಕ್ ಎಂಬ ಎರಡು ತಂತ್ರಾಂಶ ಹಾಕಿಕೊಂಡು, ಫೋಟೋಗಳಿದ್ದ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಈ ಎರಡು ಸಾಲು ಟೈಪ್ ಮಾಡಿದೆ, ಅಷ್ಟೇ:

```
align_image_stack -a al_ *.jpg
magick al_*.tif -evaluate-sequence median ratha.jpg
```

ಮೊದಲ ಸಾಲು ಫೋಟೋಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಎರಡನೆಯದು ಪ್ರತಿ ಚುಕ್ಕಿಯ 15 ಬೆಲೆಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು, ಅಂದರೆ ಎಂಟನೆಯದನ್ನು, ಇಟ್ಟುಕೊಳ್ಳುತ್ತದೆ. ಒಂದು ಜಾಗ ಕನಿಷ್ಠ ಎಂಟು ಫೋಟೋದಲ್ಲಿ ಖಾಲಿ ಇದ್ದರೆ ಸಾಕು, ಓಡಾಡಿದವರೆಲ್ಲ ನೆರಳಿನ ಸಮೇತ ಮಾಯ. ಇಲ್ಲಿ ಊಹೆ ಇಲ್ಲ. ಕಾಣುವ ಕಲ್ಲೆಲ್ಲ ನಿಜವಾಗಿ ಅಲ್ಲಿದ್ದ ಕಲ್ಲೇ. ಆದರೆ ಕದಲದವರು ಹೋಗುವುದಿಲ್ಲ. ಹೌದು, ಹಳದಿ ಅಂಗಿ ಐದು ನಿಮಿಷವೂ ಅಲ್ಲೇ ಇತ್ತು! ಜಗುಲಿಯ ಮೇಲೆ ಕೂತಿದ್ದು ನಡುವೆ ಎದ್ದು ಹೋದವರೊಬ್ಬರು ಅರೆಬರೆ ದೆವ್ವದ ಹಾಗೆ ಉಳಿದರು. ಅವರನ್ನು ಕ್ಲೋನ್‌ನಿಂದಲೇ ತೆಗೆದೆ. ಹಳದಿ ಅಂಗಿಯನ್ನು ಮಾತ್ರ ಬಿಟ್ಟೆ, ಹಿಂದಿನ ಕೆತ್ತನೆ ಯಾವ ಫೋಟೋದಲ್ಲೂ ಇರಲಿಲ್ಲ.

ಇಷ್ಟು ಪ್ರಾಮಾಣಿಕವಾಗಿ ಮಾಡಿದ್ದೇನೆ ಅಂತ ಬೀಗಿ ಮನೆಯವರ ಗುಂಪಿಗೆ ಕಳಿಸಿದೆ. ಎರಡು ವಾರಕ್ಕೆ ಭಾವನ ಫೋನ್: "ನೀನು ಕಳಿಸಿದ್ದು ನೋಡಿ ಭಾನುವಾರ ಮಕ್ಕಳನ್ನು ಕರ್ಕೊಂಡು ಬಂದೆ ಮಾರಾಯ, ಇಲ್ಲಿ ಕಾಲಿಡಲು ಜಾಗ ಇಲ್ಲ!" ಆಗ ಹೊಳೆಯಿತು. ಕಲ್ಲು ನಿಜ, ಬೆಳಕು ನಿಜ, ಆದರೆ ಆ ಹೆಚ್ಚುಕಡಿಮೆ ಖಾಲಿ ಅಂಗಳ ಆ ದಿನ ಒಂದು ಕ್ಷಣವೂ ಇರಲಿಲ್ಲ. ಬಳ್ಳಿ ಬಿಡಿಸಿದ ಇರೇಸರ್ ಕಲ್ಲಿನ ಬಗ್ಗೆ ಸುಳ್ಳು ಹೇಳಿತ್ತು, ನಾನು ಜನರ ಬಗ್ಗೆ ಹೇಳಿದ್ದೆ.

ಪತ್ರಿಕಾ ಫೋಟೋದವರು ಇದರಲ್ಲಿ ಬಹಳ ಗಟ್ಟಿ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರುಡಿಕ್ ಅವರ ಬಹುಮಾನ ಹೋಗಿದ್ದು ಹಿನ್ನೆಲೆಯಲ್ಲಿ ಇಣುಕಿದ ಯಾರದೋ ಪಾದದ ಚೂರನ್ನು ಅಳಿಸಿದ್ದಕ್ಕೆ. ಗೋಡೆಗೆ ಹಾಕುವ ಫೋಟೋಕ್ಕೆ ಅಷ್ಟು ಕಟ್ಟುನಿಟ್ಟು ಬೇಡ ಅಂತಲೇ ನನ್ನ ಲೆಕ್ಕ. ಆದರೆ "ಹೋಗಿ ಬಂದೆವು, ಹೀಗಿದೆ" ಅಂತ ಯಾರಿಗಾದರೂ ಕಳಿಸುವುದಾದರೆ 15ರಲ್ಲಿ ಒಂದನ್ನು ಹಾಗೇ ಜೊತೆಗೆ ಕಳಿಸುತ್ತೇನೆ. ಕುದುರೆ ಕಾಲು ತೋರಿಸಬೇಕಿದ್ದರೆ ಇರೇಸರ್ ಮುಟ್ಟುವುದೇ ಇಲ್ಲ, ಎರಡು ಹೆಜ್ಜೆ ಬಲಕ್ಕೆ ಸರಿದು ಇನ್ನೊಂದು ಫೋಟೋ ತೆಗೆಯುತ್ತೇನೆ.

ಭಾವ ಕಳಿಸಿದ ಫೋಟೋದಲ್ಲಿ ರಥಕ್ಕಿಂತ ತಲೆಗಳೇ ಜಾಸ್ತಿ. ಅದನ್ನು ಅವನು ಸರಿ ಮಾಡಲೇ ಇಲ್ಲ, ಗುಂಪಿನ ಡಿಪಿ ಮಾಡಿದ್ದಾನೆ.